ಕಾರಣ ಮೇಷ್ಟ್ರ ಮಾದರಿ ಉತ್ತರ

ನಮ್ಮ ಕಾಲೇಜಿನ ಗಣಿತ ವಿಭಾಗದಲ್ಲಿ ಎರಡು ಮೇಜು, ಮೂರು ಕುರ್ಚಿ. ಮೂರನೆಯ ಕುರ್ಚಿಗೆ ಒಂದು ಕಾಲು ಗಿಡ್ಡ. ಪ್ರಿನ್ಸಿಪಾಲರು ಬಂದಾಗ ಮಾತ್ರ ಅವರನ್ನು ಅದರ ಮೇಲೆ ಕೂರಿಸುತ್ತೇವೆ, ಬೇಗ ಎದ್ದು ಹೋಗಲಿ ಅಂತ. ಬಾಗಿಲ ಪಕ್ಕದ ಮೇಜು ನನ್ನದು. ಕಿಟಕಿ ಪಕ್ಕದ್ದು ಕಾರಣ ಮೇಷ್ಟ್ರದು.

ಹೆಸರು ಇಟ್ಟವರು ಹುಡುಗರು. ಮೇಷ್ಟ್ರು ಯಾವ ಉತ್ತರ ಪತ್ರಿಕೆ ತಿದ್ದಿದರೂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಕಾರಣ?’ ಎಂದು ಬರೆಯುತ್ತಿದ್ದರು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದೆ ಎಂದು ಹೇಳದೆ ಯಾರಾದರೂ ಹಾರಿದರೆ ಸಾಕು, ಆ ಸಂದಿಯಲ್ಲಿ ‘ಕಾರಣ?’ ಬಂದು ಕೂರುತ್ತಿತ್ತು. ಪೇಪರಿಗೆ ಮಾತ್ರ ಸೀಮಿತವಾಗಿದ್ದರೆ ಸಹಿಸಬಹುದಿತ್ತು. ಕ್ಯಾಂಟೀನಿನವನು ಇವತ್ತು ಕಾಫಿ ಇಲ್ಲ ಎಂದರೂ ಕಾರಣ ಕೇಳುವರು. ಹಾಲು ಒಡೆದುಹೋಯಿತು ಎಂದು ಅವನು ಹೇಳಿದರೆ ಮುಖದಲ್ಲಿ ಒಂದು ನೆಮ್ಮದಿ. ಕಾಫಿ ಸಿಗದಿದ್ದ ಬೇಜಾರು ಅವರಿಗಿರುತ್ತಿರಲಿಲ್ಲ, ಲೆಕ್ಕ ಸರಿಹೋಯಿತಲ್ಲ ಎನ್ನುವ ಸಮಾಧಾನ. ನನಗೋ ಮೈಯೆಲ್ಲ ಉರಿಯುತ್ತಿತ್ತು. ನಾನು ಕಾಫಿ ಇಲ್ಲದೆ ಪಾಠ ಮಾಡುವವಳಲ್ಲ.

ಆದರೆ ಪಾಠ ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ. ಇದ್ದ ಹೊಟ್ಟೆಕಿಚ್ಚೆಲ್ಲ ಮೊದಲ ಕೆಲವು ವರ್ಷಗಳಲ್ಲೇ ಖರ್ಚಾಗಿಹೋಯಿತು. ಪ್ರತಿವರ್ಷ ಮೊದಲ ವರ್ಷದ ಹುಡುಗರಿಗೆ ಅವರು ಒಂದು ಪಾಠ ಮಾಡುತ್ತಿದ್ದರು. ಆ ದಿನ ನನಗೆ ಬಿಡುವಿದ್ದರೆ ಕಾರಿಡಾರಿನಲ್ಲಿ ನಿಂತು ಕೇಳುತ್ತಿದ್ದೆ. ಎರಡು ಆಧಾರವಾದಾಗ ಮೂರರ ಲಾಗ್ ಎಷ್ಟು, ಅಂದರೆ ಎರಡಕ್ಕೆ ಎಷ್ಟು ಘಾತ ಹಾಕಿದರೆ ಮೂರು ಬರುತ್ತದೆ, ಅದು ಪ್ರಶ್ನೆ. ಒಂದು ಹಾಕಿದರೆ ಎರಡು ಬಂತು, ಎರಡು ಹಾಕಿದರೆ ನಾಲ್ಕು ಬಂತು. ಅಂದರೆ ಉತ್ತರ ಒಂದಕ್ಕೂ ಎರಡಕ್ಕೂ ನಡುವೆ ಎಲ್ಲೋ ಇದೆ. ಅದನ್ನು ಒಂದು ಭಿನ್ನರಾಶಿಯಾಗಿ ಬರೆಯಲು ಆಗುತ್ತದೆಯೇ? ಆಗುವುದಿಲ್ಲ, ಅದು ಅಭಾಗಲಬ್ಧ. ಯಾಕೆ ಆಗುವುದಿಲ್ಲ ಎನ್ನುವುದೇ ಪಾಠ.

ಬೋರ್ಡಿನ ಮೇಲೆ ಎರಡು ಸಾಲು ಬರೆಯುವರು. ಮೇಲೆ 1, 2, 4, 8, 16, 32 ಹೀಗೆ 256ರ ತನಕ. ಕೆಳಗೆ 1, 3, 9, 27, 81, 243. ಉತ್ತರ p ಭಾಗಿಸು q ಎಂದಿಟ್ಟುಕೊಂಡರೆ, ಎರಡನ್ನು p ಸಲ ಗುಣಿಸಿದ್ದೂ ಮೂರನ್ನು q ಸಲ ಗುಣಿಸಿದ್ದೂ ಒಂದೇ ಸಂಖ್ಯೆ ಆಗಬೇಕು. ಅಂಥ ಸಂಖ್ಯೆ ಎರಡೂ ಸಾಲಿನಲ್ಲಿ ಇರಬೇಕು. ಹುಡುಕಿ ಎನ್ನುವರು. ಎಂಟು ಒಂಬತ್ತು ಹತ್ತಿರ ಇವೆ ಎಂದು ಯಾರೋ ಕೂಗುವರು. 243ಕ್ಕೆ 256 ಹತ್ತಿರ ಎಂದು ಇನ್ನೊಬ್ಬರು. ಹತ್ತಿರ ಬಂದರೆ ಸಾಲದು, ಸೇರಬೇಕು ಎಂದು ಮೇಷ್ಟ್ರು. ಆಮೇಲೆ ಹುಡುಗರೆಲ್ಲ ಸೋತು ಎಲ್ಲೂ ಸೇರುವುದಿಲ್ಲ ಸಾರ್ ಎಂದಾಗ, ಚಾಕ್‌ಪೀಸಿನಿಂದ ಎರಡೂ ಸಾಲಿನ ಮೊದಲಿಗೆ ಒಂದು ಸುತ್ತು ಹಾಕುವರು. ಅಲ್ಲಿ ಎರಡರಲ್ಲೂ ಒಂದು ಇದೆ. ಎರಡರ ಘಾತ ಸೊನ್ನೆ ಆದಾಗ ಒಂದು, ಮೂರರ ಘಾತ ಸೊನ್ನೆ ಆದಾಗಲೂ ಒಂದು. ಹೊರಟ ಜಾಗ ಒಂದೇ. ಆದರೆ q ಛೇದ, ಅದು ಸೊನ್ನೆ ಆಗುವಂತಿಲ್ಲ. ಮೂರು ಒಂದಕ್ಕಿಂತ ದೊಡ್ಡದು, ಅದಕ್ಕೇ p ಕೂಡ ಸೊನ್ನೆಯಾಗುವುದಿಲ್ಲ. ಇಷ್ಟನ್ನು ಮೊದಲು ಹೇಳಿ ಮುಗಿಸದೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಅಲ್ಲಿಂದ ಮುಂದಕ್ಕೆ ದಾರಿ ಸಲೀಸು. ಒಂದಕ್ಕಿಂತ ದೊಡ್ಡದಾದ ಯಾವ ಪೂರ್ಣ ಸಂಖ್ಯೆಯನ್ನು ಹೇಗೆ ಒಡೆದರೂ ಕೊನೆಗೆ ಸಿಗುವ ಅವಿಭಾಜ್ಯ ಸಂಖ್ಯೆಗಳು ಅವೇ. ಹನ್ನೆರಡನ್ನು ಎರಡು ಆರಲಿ ಎಂದು ಒಡೆಯಿರಿ, ಮೂರು ನಾಲ್ಕಲಿ ಎಂದು ಒಡೆಯಿರಿ, ತಳದಲ್ಲಿ ಎರಡು ಎರಡುಗಳು ಮತ್ತು ಒಂದು ಮೂರು, ಬೇರೇನಿಲ್ಲ. ಹಾಗಿರುವಾಗ ಒಂದೇ ಸಂಖ್ಯೆ ಬರೀ ಎರಡುಗಳಿಂದಲೂ ಬರೀ ಮೂರುಗಳಿಂದಲೂ ಆಗಲು ಹೇಗೆ ಸಾಧ್ಯ? ಇಲ್ಲ. ಆದ್ದರಿಂದ ಭಿನ್ನರಾಶಿಯೂ ಇಲ್ಲ.

ಒಡೆಯುವ ದಾರಿ ಬೇರೆಯಾದರೂ ತಳ ಒಂದೇ ಎನ್ನುವುದು ಪುಕ್ಕಟೆ ಸಿಕ್ಕಿದ್ದಲ್ಲ ಎಂದು ತೋರಿಸಲು ಅವರ ಹತ್ತಿರ ಒಂದು ಚಮತ್ಕಾರ ಇತ್ತು. 1, 4, 7, 10, 13 ಹೀಗೆ ಮೂರು ಮೂರು ಕೂಡಿಸಿಕೊಂಡು ಹೋಗುವ ಸಂಖ್ಯೆಗಳಷ್ಟೇ ಇರುವ ಒಂದು ಲೋಕ ಇದೆ ಅಂದುಕೊಳ್ಳಿ ಎನ್ನುವರು. ಅಲ್ಲಿ ಎರಡಿಲ್ಲ, ಐದಿಲ್ಲ. ಹಾಗಾಗಿ ನಾಲ್ಕನ್ನು ಒಡೆಯಲು ಆಗುವುದಿಲ್ಲ, ಹತ್ತನ್ನೂ ಇಪ್ಪತ್ತೈದನ್ನೂ ಒಡೆಯಲು ಆಗುವುದಿಲ್ಲ. ಆದರೆ ನೂರು ನೋಡಿ: ನಾಲ್ಕು ಇಪ್ಪತ್ತೈದಲಿ ನೂರು, ಹತ್ತು ಹತ್ತಲಿ ನೂರು. ಒಂದೇ ಸಂಖ್ಯೆಗೆ ಎರಡು ತಳ. ಅಂಥ ಲೋಕದಲ್ಲಿ ನಮ್ಮ ವಾದ ಬಿದ್ದುಹೋಗುತ್ತದೆ ಎಂದು ಹೇಳಿ ಕೈ ಒರೆಸಿಕೊಳ್ಳುವರು. ಹುಡುಗರು ಆ ಕ್ಷಣಕ್ಕೆ ನಿಜಕ್ಕೂ ಹೆದರುತ್ತಿದ್ದರು.

ಇನ್ನು ಮನೆ ವಿಷಯ. ಹೆಂಡತಿ ತೀರಿಕೊಂಡಾಗ ಮಗಳಿನ್ನೂ ಓದುತ್ತಿದ್ದಳು. ಅಡುಗೆಮನೆಯಲ್ಲಿ ಅಪ್ಪ ತರಕಾರಿ ಹೆಚ್ಚುವುದು, ಮಗಳು ನೆಲದ ಮೇಲೆ ಕೂತು ಲೆಕ್ಕ ಮಾಡುವುದು, ಅದು ಅವರ ಸಂಜೆ. ನಾನೇ ನೋಡಿದ್ದೇನೆ. ಒಲೆಯ ಮೇಲಿನದು ಸೀಯುತ್ತಿದ್ದರೂ ಇಬ್ಬರಿಗೂ ಗಮನ ಇರುತ್ತಿರಲಿಲ್ಲ. ಆ ಹುಡುಗಿ ಮಾತು ಕಲಿತಿದ್ದೇ ‘ಯಾಕೆ’ ಎಂಬ ಪದದಿಂದ ಎಂದು ಮೇಷ್ಟ್ರು ಹೆಮ್ಮೆ ಪಡುತ್ತಿದ್ದರು. ಅವಳು ಗಣಿತವನ್ನೇ ಓದಿದಳು, ಚೆನ್ನಾಗಿ ಓದಿದಳು, ಮದುವೆಯಾದಳು. ಆಯಿತಲ್ಲ, ಇನ್ನು ಮೇಷ್ಟ್ರು ಹಾಯಾಗಿ ಇರಬಹುದು ಎಂದುಕೊಂಡೆ.

ಮದುವೆಯಾದ ಮರುವರ್ಷ ಅವಳು ಒಂದು ಚೀಲ ಹಿಡಿದು ಅಪ್ಪನ ಬಾಗಿಲಿಗೆ ಬಂದು ನಿಂತಳು. ಅಲ್ಲಿ ಇರಲಾರೆ, ವಾಪಸು ಬಂದುಬಿಟ್ಟೆ ಎಂದಳು. ಮೇಷ್ಟ್ರು ಕಾರಣ ಕೇಳಿದರು. ಕಾರಣ ಅಂತ ಏನೂ ಇಲ್ಲ ಎಂದಳು. ಹೊಡೆಯುತ್ತಾನಾ? ಇಲ್ಲ. ಕುಡಿಯುತ್ತಾನಾ? ಇಲ್ಲ. ಅತ್ತೆ ಮನೆಯವರು ಏನಾದರೂ ಅಂದರಾ? ಇಲ್ಲ. ಒಂದೊಂದನ್ನೇ ಕೇಳಿ ಒಂದೊಂದನ್ನೇ ಹೊಡೆದು ಹಾಕಿ, ಕೊನೆಗೆ ಇವರು, ಯಾವ ಕಾರಣವೂ ಇಲ್ಲದೆ ಇಂಥ ತೀರ್ಮಾನಕ್ಕೆ ಬರುವುದು ಹೇಗಮ್ಮ, ಯೋಚನೆ ಮಾಡಿ ನಾಳೆ ಹೇಳು ಎಂದು ಮಲಗಲು ಹೋದರು. ಬೆಳಗ್ಗೆ ಎದ್ದಾಗ ಮಗಳೂ ಇರಲಿಲ್ಲ, ಚೀಲವೂ ಇರಲಿಲ್ಲ.

ಇದನ್ನು ನನಗೆ ಹೇಳಿದವರು ಅವರೇ, ಕಿಟಕಿ ಪಕ್ಕದ ಮೇಜಿನಿಂದ, ಎಲ್ಲೋ ಒಂದು ಹೆಜ್ಜೆ ತಪ್ಪಿದೆ ಆದರೆ ಎಲ್ಲಿ ಎಂದು ಸಿಗುತ್ತಿಲ್ಲ ಎನ್ನುವ ಧ್ವನಿಯಲ್ಲಿ. ತಾನು ಕೇಳಿದ್ದರಲ್ಲಿ ತಪ್ಪೇನು ಎಂದು ನನ್ನನ್ನೇ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. “ಮಗಳು ಬಾಗಿಲಲ್ಲಿ ನಿಂತಿದ್ರೆ ವೈವಾ ತಗೋತೀರಾ ಮೇಷ್ಟ್ರೇ? ಒಳಗೆ ಬಾ ಅಂತ ಒಂದು ಮಾತು ಅನ್ನೋಕೆ ಏನಾಗಿತ್ತು?” ಎಂದೆ. ಆಮೇಲೆ ಸುಮಾರು ದಿನ ಆ ಕೋಣೆಯಲ್ಲಿ ಫ್ಯಾನ್ ಒಂದೇ ಸದ್ದು ಮಾಡುತ್ತಿತ್ತು.

ಮಗಳು ಬೇರೆ ಊರಿನ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಮದುವೆ ಮುರಿದಿದೆ, ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿದ್ದಾಳೆ ಎಂದು ಆಮೇಲೆ ಯಾರಿಂದಲೋ ತಿಳಿಯಿತು. ಇವರು ಫೋನ್ ಮಾಡಿದರು, ಅವಳು ಎತ್ತಲಿಲ್ಲ. ಕೆಲವು ತಿಂಗಳು ಮಾಡಿ ಬಿಟ್ಟರು. ಆದರೆ ಫೋನನ್ನು ಮಾತ್ರ ಮೇಜಿನ ಮೇಲೆ ಮುಖ ಮೇಲೆ ಮಾಡಿಯೇ ಇಡುತ್ತಿದ್ದರು. ಅದು ಬ್ಯಾಂಕಿನವರ ಜಾಹೀರಾತಿಗೆ ಮಿನುಗಿದರೂ ಚಾಕ್‌ಪೀಸು ಕೈಯಲ್ಲೇ ಹಿಡಿದು ಬಗ್ಗಿ ನೋಡುವರು. ಮನೆಗೆ ಹೋದರೆ ಇಬ್ಬರಿಗಾಗುವಷ್ಟು ಅನ್ನ ಮಾಡುವರು, ಅಭ್ಯಾಸ ತಪ್ಪಿಲ್ಲ. ಉಳಿದದ್ದನ್ನು ಮರುದಿನ ಡಬ್ಬಿಯಲ್ಲಿ ತಂದು ತಿನ್ನುವರು. ತಂಗಳನ್ನ ಯಾಕೆ ತಿನ್ನುತ್ತೀರಿ, ಅಳತೆ ಕಡಿಮೆ ಮಾಡಿ ಎಂದು ನಾನು ರೇಗಿದಾಗ, ಅಳತೆ ಕಡಿಮೆ ಮಾಡಿದರೆ ತಳ ಹಿಡಿಯುತ್ತದೆ ಎಂದು ಒಂದು ಕಾರಣ ಕೊಟ್ಟರು. ಅದು ಸುಳ್ಳು ಕಾರಣ ಅಂತ ಇಬ್ಬರಿಗೂ ಗೊತ್ತಿತ್ತು. ರಜದ ದಿನ ಕಾಲೇಜಿಗೆ ಬಂದು ಬೀಗ ತೆಗೆಸಿ ಕೂರುತ್ತಿದ್ದರು. ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲದವರಿಗೆ ರಜ ಎಂಥ ಶಿಕ್ಷೆ ಎಂದು ನನಗೂ ಗೊತ್ತು. ನಾನೂ ಒಂಟಿಯೇ, ಆದರೆ ನನಗೆ ಜಗಳವಾಡಲು ಅಕ್ಕಂದಿರಿದ್ದಾರೆ.

ಪ್ರತಿವರ್ಷ ಪರೀಕ್ಷೆ ಮುಗಿದ ಮೇಲೆ ಎಲ್ಲ ಕಾಲೇಜುಗಳ ಪೇಪರು ಒಂದೆಡೆ ತಂದು, ಎಲ್ಲ ಕಾಲೇಜುಗಳ ಅಧ್ಯಾಪಕರನ್ನೂ ಒಂದೇ ಹಾಲಿನಲ್ಲಿ ಕೂರಿಸಿ ತಿದ್ದಿಸುತ್ತಾರೆ. ಬೆನ್ನು ನೋವು, ಕಣ್ಣುರಿ, ನೀರಿನಂಥ ಟೀ. ವಯಸ್ಸಾದವರೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ನಮ್ಮ ಮೇಷ್ಟ್ರು ಒಂದು ವರ್ಷವೂ ತಪ್ಪಿಸಿಕೊಳ್ಳಲಿಲ್ಲ. ಅವರಿಗೆ ಕೆಲಸದ ಮೇಲಿನ ಪ್ರೀತಿ ಎಂದು ಪ್ರಿನ್ಸಿಪಾಲರು ಹೊಗಳುತ್ತಿದ್ದರು. ನನಗೆ ಗೊತ್ತಿತ್ತು, ಮಗಳಿಗೂ ಒಂದಲ್ಲ ಒಂದು ವರ್ಷ ಅಲ್ಲಿಗೆ ಬರುವ ಸರದಿ ಬಂದೇ ಬರುತ್ತದೆ ಎಂದು ಅವರು ಕಾಯುತ್ತಿದ್ದರು.

ಅವರ ನಿವೃತ್ತಿಯ ವರ್ಷ ಆ ಸರದಿ ಬಂತು. ಆ ಸಲ ಮೇಷ್ಟ್ರೇ ಮುಖ್ಯ ಪರಿಶೀಲಕರು. ಅಂದರೆ ಪ್ರತಿ ಪ್ರಶ್ನೆಗೂ ಮಾದರಿ ಉತ್ತರ ಬರೆದು, ಯಾವ ಹೆಜ್ಜೆಗೆ ಎಷ್ಟು ಅಂಕ ಎಂದು ನಿಗದಿ ಮಾಡಿ ಎಲ್ಲರಿಗೂ ಹಂಚಬೇಕು. ಆಮೇಲೆ ನಾವು ಕೆಂಪು ಶಾಯಿಯಲ್ಲಿ ತಿದ್ದಿದ್ದರಲ್ಲಿ ಕೆಲವನ್ನು ಎತ್ತಿ ಹಸಿರು ಶಾಯಿಯಲ್ಲಿ ಮರುತಿದ್ದಬೇಕು. ಮಾದರಿ ಉತ್ತರ ಬರೆಯಲು ಕೂತ ಸಂಜೆಯೇ ಯಾರು ಯಾರು ಬರುತ್ತಾರೆ ಎಂಬುದು ಅವರಿಗೆ ಗೊತ್ತಾಗಿದ್ದು. ನನ್ನ ಮೇಜಿನ ಹತ್ತಿರ ಬಂದು, “ಅವಳೂ ಬರ್ತಿದಾಳೆ ಮೇಡಂ” ಎಂದರು. ಅಷ್ಟೇ ಹೇಳಿ ಮತ್ತೆ ಕಿಟಕಿ ಹತ್ತಿರ ಹೋಗಿ ಕೂತರು. ಬಹಳ ಹೊತ್ತು ಪೆನ್ನು ಎತ್ತಲಿಲ್ಲ.

ಹಾಲಿನಲ್ಲಿ ಅವಳಿಗೆ ಕಂಬದ ಪಕ್ಕದ ಮೇಜು. ಅವಳು ನನಗಿಂತ ಎರಡು ಮೇಜು ಆಚೆ, ಮೇಷ್ಟ್ರು ವೇದಿಕೆಯ ಕೆಳಗೆ ಎಲ್ಲರಿಗೂ ಎದುರಾಗಿ. ಹುಡುಗಿ ಇಳಿದುಹೋಗಿದ್ದಳು, ಕಿವಿಯ ಹತ್ತಿರ ಆಗಲೇ ಒಂದಿಷ್ಟು ಬಿಳಿಕೂದಲು. ನನ್ನನ್ನು ಕಂಡು ನಕ್ಕು, ಚೆನ್ನಾಗಿದೀರಾ ಆಂಟಿ ಎಂದಳು. ಅಪ್ಪನ ಸುದ್ದಿ ಎತ್ತಲಿಲ್ಲ. ಮೊದಲ ದಿನ ನೀರಿನ ಫಿಲ್ಟರ್ ಹತ್ತಿರ ಅಪ್ಪ ಮಗಳು ಎದುರುಬದುರಾದರು. ಅವಳು ಎಲ್ಲರೂ ಹೇಳುವ ಹಾಗೆ ನಮಸ್ಕಾರ ಸರ್ ಎಂದಳು. ಅವರು ಎಲ್ಲರಿಗೂ ಹೇಳುವ ಹಾಗೆ ಹ್ಞಾಂ ನಮಸ್ಕಾರ ಎಂದರು. ಅವಳು ಲೋಟ ತುಂಬಿಸಿಕೊಂಡು ಹೋದಳು. ಇವರು ನಲ್ಲಿ ತಿರುಗಿಸಿ, ಲೋಟ ತುಂಬಿ ನೀರು ಕೈ ಮೇಲೆ ಹರಿಯುತ್ತಿದ್ದರೂ ನಿಂತೇ ಇದ್ದರು.

ಹಾಗೆಯೇ ದಿನಗಳು ಹೋದವು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು, ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ. ಅವಳ ಕಟ್ಟು ಪರಿಶೀಲನೆಗೆ ಬಂದರೆ ತಮ್ಮ ಸಹಾಯಕರ ಕಡೆ ತಳ್ಳುತ್ತಿದ್ದರು. ಸ್ವಂತ ಮಗಳ ಕೆಲಸವನ್ನು ತಾವೇ ನೋಡುವುದು ನ್ಯಾಯವಲ್ಲ ಎಂದು ನನ್ನ ಹತ್ತಿರ ಕಾರಣ ಹೇಳಿದರು. ಮಾತಾಡಿಸುವುದಕ್ಕೂ ನ್ಯಾಯ ಅಡ್ಡ ಬರುತ್ತದಾ ಎಂದು ಕೇಳಿದೆ. ಏನಂತ ಶುರು ಮಾಡುವುದು ಎಂದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ವರ್ಷ ಎಲ್ಲ ಮಾತನ್ನೂ ಒಂದೇ ಪದದಿಂದ ಶುರು ಮಾಡಿದ ಮನುಷ್ಯ, ಆ ಪದ ಬಿಟ್ಟು ಬೇರೇನೂ ಹೊಳೆಯದೆ ಕೂತಿದ್ದರು. ಕೊನೆಯ ದಿನ ಮುಗಿದರೆ ಅವಳು ತನ್ನೂರಿಗೆ ಹೋಗುತ್ತಾಳೆ, ಇವರು ನಿವೃತ್ತಿಯಾಗುತ್ತಾರೆ, ಇನ್ನು ಯಾವ ಸರದಿಯೂ ಇಲ್ಲ.

ಕೊನೆಯ ದಿನ ಸಹಾಯಕರಿಗೆ ಜ್ವರ ಬಂತು. ಕಂಬದ ಪಕ್ಕದ ಮೇಜಿನ ಕಟ್ಟು ಮೇಷ್ಟ್ರ ಎದುರಿಗೇ ಬಂದು ಕೂತಿತು. ಮಧ್ಯಾಹ್ನದ ಟೀ ಆದ ಮೇಲೆ ಅವರು ಜವಾನನನ್ನು ಕಳಿಸಿ ಅವಳನ್ನು ಕರೆಸಿದರು. ನಾನು ನನ್ನ ಪೇಪರುಗಳನ್ನು ಎತ್ತಿಕೊಂಡು, ಮುಂದಿನ ಸಾಲಿನಲ್ಲಿ ಬೆಳಕು ಚೆನ್ನಾಗಿದೆ ಎಂದು ಯಾರಿಗೋ ಹೇಳುತ್ತಾ ಅವರ ಪಕ್ಕದ ಮೇಜಿಗೆ ಬಂದು ಕೂತೆ. ಕದ್ದು ಕೇಳಿದೆ ಎಂದು ಬೇಕಾದರೆ ಅನ್ನಿ.

ಪ್ರಶ್ನೆ ಅವರದೇ ಹಳೆಯ ಪ್ರಶ್ನೆ. ಅವಿಭಾಜ್ಯ ಅಪವರ್ತನ ಒಂದೇ ಬಗೆ ಎನ್ನುವುದನ್ನು ಬಳಸಿ, ಎರಡು ಆಧಾರದ ಮೂರರ ಲಾಗ್ ಅಭಾಗಲಬ್ಧ ಎಂದು ಸಾಧಿಸಿ. ಐದು ಅಂಕ. ಯಾವುದೋ ಊರಿನ ಯಾವುದೋ ಮಗು ಬರೆದಿತ್ತು: ಲಾಗ್ p ಭಾಗಿಸು q ಆಗಿರಲಿ, ಆಗ ಎರಡರ p ಘಾತವೂ ಮೂರರ q ಘಾತವೂ ಸಮ. ಎಡಗಡೆ ಸಮಸಂಖ್ಯೆ, ಬಲಗಡೆ ಬೆಸಸಂಖ್ಯೆ. ಎರಡೂ ಒಂದಾಗಲಾರವು. ಮುಗಿಯಿತು. ಅವಳು ಐದಕ್ಕೆ ಐದು ಕೊಟ್ಟಿದ್ದಳು.

ಮೇಷ್ಟ್ರು ಕಣ್ಣೆತ್ತದೆ ಮಾತಾಡಿದರು. ಕೇಳಿದ್ದು ಅಪವರ್ತನದ ದಾರಿ, ಬರೆದದ್ದು ಸಮ-ಬೆಸದ ದಾರಿ, ಎರಡಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ ಎಂದರು. ಅವಳು, ತಪ್ಪೇನಿದೆ ಸರ್, ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸವೇ, ಮೂರನ್ನು ಎಷ್ಟು ಸಲ ಗುಣಿಸಿದರೂ ಅದರೊಳಗೆ ಎರಡು ಎಂಬ ಅಪವರ್ತನ ಬರುವುದಿಲ್ಲ, ಹೇಳಿದ್ದು ಅದೇ ವಿಷಯ ಎಂದಳು. ಮೂರರ ಬದಲು ಐದು, ಎರಡರ ಬದಲು ಮೂರು ಇದ್ದಿದ್ದರೆ ಈ ಮಗು ಏನು ಮಾಡುತ್ತಿತ್ತು, ಎರಡೂ ಕಡೆ ಬೆಸವೇ ಬರುತ್ತದಲ್ಲ ಎಂದು ಇವರು. ಪ್ರಶ್ನೆಯಲ್ಲಿ ಎರಡು ಮೂರೇ ಇರೋದು ಸರ್ ಎಂದು ಅವಳು. ಇಬ್ಬರದೂ ಒಂದೇ ಮೂಗು, ಒಂದೇ ಹಟ. ಆ ನಮಸ್ಕಾರ ಬಿಟ್ಟರೆ ಇಷ್ಟು ವರ್ಷದ ಮೇಲೆ ಇಬ್ಬರೂ ಆಡಿದ ಮೊದಲ ಮಾತು ಇದು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಕೊನೆಗೆ ಅವರು ಅಭ್ಯಾಸಬಲದಿಂದ ಕೇಳಿಯೇಬಿಟ್ಟರು, ಪೂರ್ತಿ ಅಂಕ ಕೊಡಲು ಕಾರಣ ಏನು ಎಂದು.

ಆ ಪದ ಕೇಳಿದ್ದೇ ಅವಳ ಮುಖ ಬಿಗಿಯಿತು. ಪೇಪರನ್ನು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಓದಿದಳು. ಬಹಳ ಹೊತ್ತು ಓದಿದಳು.

“ಪೂರ್ತಿ ಕೊಟ್ಟಿದ್ದು ನನ್ನ ತಪ್ಪು ಸರ್,” ಎಂದಳು. “ಆದ್ರೆ ನೀವು ಹೇಳ್ತಿರೋ ಕಾರಣಕ್ಕಲ್ಲ. ಎಡಗಡೆ ಸಮಸಂಖ್ಯೆ ಅಂತ ಬರ್ದಿದೆ. p ಸೊನ್ನೆ ಆದ್ರೆ ಅದು ಸಮ ಅಲ್ಲ, ಒಂದು. p, q ಎರಡೂ ಸೊನ್ನೆ ಆಗಲ್ಲ ಅನ್ನೋದನ್ನ ಹೇಳ್ದೇ ಮುಂದಕ್ಕೆ ಹೋಗಿದೆ. ನಾನು ನೋಡ್ಲಿಲ್ಲ. ಒಂದಂಕ ಕಡಿಮೆ ಮಾಡ್ಬೇಕಿತ್ತು.”

ಮೇಷ್ಟ್ರು ತಲೆಯಾಡಿಸಿದರು. ಒಳ್ಳೆಯ ಉತ್ತರ ಕೇಳಿದಾಗ ಅವರು ಹಾಗೆ ತಲೆಯಾಡಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಹಸಿರು ಪೆನ್ನಿನ ಮುಚ್ಚಳ ತೆಗೆದರು.

“ಆದ್ರೆ ಕಡಿಮೆ ಮಾಡೋಕೂ ಆಗಲ್ಲ,” ಎಂದು ಅವಳು ಮುಂದುವರಿದಳು. “ನಿಮ್ಮ ಮಾದರಿ ಉತ್ತರದಲ್ಲೇ ಅದಿಲ್ಲ.”

ಅವರು ಪೆನ್ನು ಕೆಳಗಿಟ್ಟು ಮಾದರಿ ಉತ್ತರದ ಹಾಳೆ ತೆಗೆದರು. ನಾನೂ ನನ್ನ ಪ್ರತಿ ತೆಗೆದೆ. ಇಷ್ಟು ದಿನ ಹಾಲಿನಲ್ಲಿ ಇದ್ದವರೆಲ್ಲ ಅದನ್ನು ಎದುರಿಗಿಟ್ಟುಕೊಂಡು ತಿದ್ದಿದ್ದೆವು, ಯಾರೂ ನೋಡಿರಲಿಲ್ಲ. ಬರೆದವರು ಕಾರಣ ಮೇಷ್ಟ್ರು ಎಂದಮೇಲೆ ಅದರಲ್ಲಿ ಹುಡುಕುವುದೇನು ಎಂಬ ಧೈರ್ಯ. p ಮತ್ತು q ಪೂರ್ಣಾಂಕಗಳು ಆಗಿರಲಿ ಎಂದಿತ್ತು. ಮುಂದಿನ ಸಾಲಿನಲ್ಲೇ ಎರಡರ ಘಾತ, ಮೂರರ ಘಾತ, ಒಂದೇ ಸಂಖ್ಯೆಗೆ ಎರಡು ಬಗೆಯ ಅಪವರ್ತನ, ವಿರೋಧ. ಸೊನ್ನೆಯ ಮಾತಿಲ್ಲ. ಸೊನ್ನೆ ಆಗಬಹುದಾದರೆ ಎರಡೂ ಕಡೆ ಒಂದು ಬಂದು ಕೂರುತ್ತದೆ, ಒಂದನ್ನು ಒಡೆದರೆ ಯಾವ ಅವಿಭಾಜ್ಯವೂ ಸಿಗುವುದಿಲ್ಲ, ವಿರೋಧವೇ ಹುಟ್ಟುವುದಿಲ್ಲ. ಪ್ರತಿವರ್ಷ ಚಾಕ್‌ಪೀಸಿನಲ್ಲಿ ಸುತ್ತು ಹಾಕಿ ತೋರಿಸುತ್ತಿದ್ದ ಜಾಗವನ್ನೇ ಅವರು ಬಿಟ್ಟಿದ್ದರು. ಮಗಳು ಬರುತ್ತಾಳೆ ಎಂದು ತಿಳಿದ ಸಂಜೆ ಬರೆದದ್ದು ಅದು.

“ನೀವೇ ಹೇಳ್ಕೊಟ್ಟಿದ್ದು,” ಎಂದಳು ಅವಳು, ದನಿ ತಗ್ಗಿಸಿ. “ಅಡುಗೆಮನೇಲಿ. ಎರಡೂ ಸಾಲು ಎಲ್ಲೂ ಸೇರಲ್ಲ ಅಂತ ನಾನಂದೆ. ಹೊರಟಾಗ ಒಟ್ಟಿಗೇ ಇದ್ವಲ್ಲ, ಅದನ್ನ ಮರೀಬೇಡ ಅಂದ್ರಿ.”

ಮೇಷ್ಟ್ರು ಆ ಹಾಳೆ ಹಿಡಿದುಕೊಂಡು ಎದ್ದರು. ಮೈಕು ಇರಲಿಲ್ಲ, ದನಿ ಏರಿಸಿ ಎಲ್ಲರಿಗೂ ಹೇಳಿದರು: ಈ ಪ್ರಶ್ನೆಯ ಮಾದರಿ ಉತ್ತರದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ, ತಪ್ಪು ನನ್ನದು, ಆ ಹೆಜ್ಜೆ ಇಲ್ಲವೆಂದು ಯಾರಿಗೂ ಅಂಕ ಕಳೆಯಬೇಡಿ. ಇದನ್ನು ಕಂಡುಹಿಡಿದವರು ಕಂಬದ ಹತ್ತಿರದ ಮೇಡಂ. ಹಾಲಿನಲ್ಲಿ ಒಂದಿಷ್ಟು ಗುಸುಗುಸು ಎದ್ದಿತು. ಹಿಂದಿನ ಸಾಲಿನಿಂದ ಯಾರೋ, ಕಾರಣ, ಎಂದು ಸಣ್ಣಗೆ ಕೂಗಿದರು, ಒಂದಿಷ್ಟು ಜನ ನಕ್ಕರು. ಮೇಷ್ಟ್ರು ಕೂತು, ಆ ಮಗುವಿನ ಪೇಪರಿನಲ್ಲಿ ಐದನ್ನು ಹೊಡೆದು ಹಸಿರಿನಲ್ಲಿ ನಾಲ್ಕು ಎಂದು ಬರೆದರು. ಪಕ್ಕದಲ್ಲಿ, ಕೇಳಿದ ದಾರಿ ಬಿಟ್ಟಿದ್ದಕ್ಕೆ ಒಂದಂಕ ಕಡಿಮೆ ಎಂದು ಬರೆದರು. ಹಟ ಪೂರ್ತಿ ಬಿಟ್ಟಿರಲಿಲ್ಲ. ಅವಳು ನೋಡಿ, ಸರಿ ಸರ್ ಎಂದು ಸಹಿ ಮಾಡಿದಳು.

ಸಂಜೆ ಕಟ್ಟುಗಳನ್ನೆಲ್ಲ ಒಪ್ಪಿಸಿ ಜನ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಡತೊಡಗಿದರು. ಜವಾನ ಫ್ಯಾನುಗಳನ್ನು ಒಂದೊಂದಾಗಿ ಆರಿಸುತ್ತಾ ಬರುತ್ತಿದ್ದ. ಅವಳು ತನ್ನ ಕಟ್ಟು ಕೊಡಲು ಮೇಷ್ಟ್ರ ಮೇಜಿಗೆ ಬಂದಳು. ಅವರು ಎಣಿಸಿ ತೆಗೆದುಕೊಂಡರು. ಅವಳು ತಿರುಗಿದಳು.

“ಮನೆಗೆ ಬಾ,” ಎಂದರು ಮೇಷ್ಟ್ರು.

ಅವಳು ನಿಂತಳು, ತಿರುಗಿ ನೋಡಿದಳು. ಪೇಪರು ಕಟ್ಟುತ್ತಿದ್ದ ನನ್ನ ಕೈಯಲ್ಲಿ ದಾರದ ಗಂಟು ಹಾಗೇ ನಿಂತಿತು.

“ಕಾರಣ?” ಎಂದಳು.

ಅಣಕಿಸಿದಳು ಎಂದು ಮೊದಲು ಅನ್ನಿಸಿತು. ಇಲ್ಲ, ಅವಳ ಕಣ್ಣು ನೋಡಿದರೆ ನಿಜಕ್ಕೂ ಕೇಳುತ್ತಿದ್ದಳು. ಮೇಷ್ಟ್ರು ಬಾಯಿ ತೆರೆದರು. ಎಷ್ಟೋ ಕಾರಣಗಳಿದ್ದವು, ನನ್ನನ್ನು ಕೇಳಿದ್ದರೆ ಅಲ್ಲೇ ಪಟ್ಟಿ ಮಾಡಿ ಕೊಡುತ್ತಿದ್ದೆ. ನಿವೃತ್ತಿಯಾಗುತ್ತಿದ್ದೇನೆ ಎನ್ನಬಹುದಿತ್ತು, ವಯಸ್ಸಾಯಿತು ಎನ್ನಬಹುದಿತ್ತು, ತಪ್ಪು ಮಾಡಿದೆ ಎನ್ನಬಹುದಿತ್ತು. ಒಂದೊಂದೂ ಅವರ ಮುಖದ ಮೇಲೆ ಬಂದು ಹೋದ ಹಾಗೆ ಕಂಡಿತು.

“ಕಾರಣ ಅಂತ ಏನೂ ಇಲ್ಲಮ್ಮ,” ಎಂದರು. “ಬಾ, ಅಷ್ಟೆ.”

ಅವಳು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಅವತ್ತು ನಾನೂ ಇಷ್ಟೇ ಹೇಳಿದ್ದು ಅಪ್ಪ.”

ಹೇಳಿ ಹೊರಟುಹೋದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೆಳಗಿನ ತನಕ ಕೇಳಿಸಿತು. ಮೇಷ್ಟ್ರು ಅದನ್ನು ಪೂರ್ತಿ ಕೇಳಿಸಿಕೊಂಡರು. ಜವಾನ ಬಂದು ಸಾರ್ ಬಾಗಿಲು ಹಾಕಬೇಕು ಎಂದ.

ನಾನು ಅವರ ಜೊತೆ ನಡೆದೆ. ನನ್ನ ಮನೆ ಬೇರೆ ದಿಕ್ಕಿಗೆ, ಆದರೂ ನಡೆದೆ. ಅಂಗಡಿಗಳ ಎದುರು ಕಸ ಗುಡಿಸುತ್ತಿದ್ದರು, ಬಸ್ಸು ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರು, ಮೇಷ್ಟ್ರು ಆ ಗುಂಪಿನ ಕಡೆ ನೋಡಿದರು, ನಡಿಗೆ ನಿಧಾನ ಮಾಡಿದರು, ಆಮೇಲೆ ಮುಂದಕ್ಕೆ ನಡೆದರು. ಅವರ ಬಾಗಿಲ ಹತ್ತಿರ ಬಂದಾಗ ಅವರು ಜೇಬಿನಲ್ಲಿ ಬೀಗದ ಕೈ ಹುಡುಕುತ್ತಾ, “ಅವಳು ಹೇಳಿದ್ದು ಸರಿ ಮೇಡಂ” ಎಂದರು.

“ಯಾವುದು ಮೇಷ್ಟ್ರೇ? ಸೊನ್ನೆ ವಿಷಯಾನಾ, ಆಮೇಲೆ ಹೇಳಿದ್ದಾ?”

“ಎರಡೂ,” ಎಂದರು.

ಬೀಗ ತೆಗೆದು ಒಳಗೆ ಹೋದರು. ಒಳಗೆ ಕತ್ತಲಿತ್ತು, ಗೋಡೆ ತಡವಿ ಅವರೇ ಸ್ವಿಚ್ಚು ಹಾಕಿದರು. ನಾನು ಹೊರಗೆ ಒಂದು ಗಳಿಗೆ ನಿಂತೆ. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ ಅಕ್ಕಿ ಅಳೆಯುವ ಸದ್ದು: ಒಂದು ಪಾವು, ಸ್ವಲ್ಪ ತಡೆದು, ಮತ್ತೊಂದು ಪಾವು.